ದೊಡ್ಡಕ್ಷರದ ಡಿ

ಆ ಸಾರಾಂಶದ ಕಾರ್ಬನ್ ಪ್ರತಿ ನನ್ನ ಹತ್ತಿರ ಈಗಲೂ ಇದೆ. ನಾಲ್ಕು ಪುಟ, ಕನ್ನಡದಲ್ಲಿ, ನನ್ನದೇ ಕೈಬರಹ. ಕಾರ್ಬನ್ನಿನ ನೀಲಿ ಕೆಲವು ಕಡೆ ಹರಡಿದೆ, ಆದರೆ ಮೂರನೆಯ ಪುಟದ ನಡುವಿನ ಸಾಲನ್ನು ಈಗಲೂ ಸ್ಪಷ್ಟವಾಗಿ ಓದಬಹುದು. ಅದು ಹೀಗಿದೆ: ‘ತಿಳಿಸಿದ ಸಂಗತಿಗಳ ಬಗ್ಗೆ ಮಾರುವವರ ಮೇಲೆ ಕ್ಲೇಮು ಹಾಕುವಂತಿಲ್ಲ.’ ಈ ಸಾಲಿನಲ್ಲಿ ಕಾಗುಣಿತ ತಪ್ಪಿಲ್ಲ, ವ್ಯಾಕರಣ ತಪ್ಪಿಲ್ಲ. ಸಾಲು ಮಾತ್ರ ತಪ್ಪು.

ಎಂಬತ್ತರ ದಶಕದ ನಡುವಿನ ಮಾತು. ನಾನು ಹೊನ್ನಾವರದಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಇದ್ದೆ. ಅದಕ್ಕೂ ಮೊದಲಿನ ಏಳೆಂಟು ವರ್ಷ ಗೇಣಿದಾರರ ಅರ್ಜಿಗಳಲ್ಲೇ ಕಳೆದಿದ್ದವು. ಭೂನ್ಯಾಯಮಂಡಳಿಯ ಆದೇಶ, ನೋಟೀಸು, ಮೇಲ್ಮನವಿ, ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡಕ್ಕೆ ತಂದು ಜನರಿಗೆ ಓದಿ ಹೇಳುವುದು ನನ್ನ ಕೆಲಸ. ಅದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಕಕ್ಷಿದಾರರಿಗೆ ಹೆಂಗಸು ವಕೀಲರನ್ನು ಕರೆಯುವ ಶಬ್ದ ಇರಲಿಲ್ಲ. ಶಾಲೆಯ ಮೇಡಮ್ಮುಗಳನ್ನು ಕರೆದ ಹಾಗೆ ‘ಅಕ್ಕೋರೆ’ ಅನ್ನುತ್ತಿದ್ದರು.

ನದಿಯ ಬದಿಗೆ ಒಂದು ಐಸ್ ಪ್ಲಾಂಟ್ ಇತ್ತು. ಅದಕ್ಕೆ ಸೇರಿದ ಹಾಗೆ ಸಿಗಡಿ ಸುಲಿದು, ತೊಳೆದು, ಹೆಪ್ಪುಗಟ್ಟಿಸಿ ಪೆಟ್ಟಿಗೆ ತುಂಬುವ ಶೆಡ್ಡು. ಎಪ್ಪತ್ತರ ದಶಕದಲ್ಲಿ ಯಾಂತ್ರಿಕ ದೋಣಿಗಳು ಬಂದ ಮೇಲೆ ಏಳು ಜನ ಮೀನುಗಾರರು ಸೇರಿ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ ಅದನ್ನು ಕಟ್ಟಿಸಿದ್ದರು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಷೇರು ಒಬ್ಬರದೇ. ಅವರು ಹಿಂದೆ ದೋಣಿ ನಡೆಸುತ್ತಿದ್ದ ತಾಂಡೇಲರು. ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರ್ ಆದ ಮೇಲೂ ಊರಿಗೆಲ್ಲ ತಾಂಡೇಲರೇ. ಕನ್ನಡ ನಿಧಾನವಾಗಿ, ಬೆರಳಿಟ್ಟು ಓದುತ್ತಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ.

ಮುಂಬಯಿಯ ಒಂದು ರಫ್ತು ಕಂಪನಿ ಏಳೂ ಜನರ ಷೇರನ್ನು ಪೂರ್ತಿಯಾಗಿ ಕೊಳ್ಳಲು ಮುಂದೆ ಬಂತು. ಅವರ ಸಾಲಿಸಿಟರು ಬರೆದ ಕರಾರು ಅಂಚೆಯಲ್ಲಿ ಬಂದಾಗ ಅರವತ್ತೆರಡು ಪುಟ ಇತ್ತು. ಹಿರಿಯರು ಅದನ್ನು ಕೈಯಲ್ಲಿ ತೂಗಿ ನೋಡಿ ನನ್ನ ಮೇಜಿನ ಮೇಲಿಟ್ಟರು.

“ತಂಗಿ, ಏಳು ಜನಕ್ಕೂ ಅರ್ಥ ಆಗುವ ಹಂಗೆ ಕನ್ನಡದಲ್ಲಿ ಸಾರಾಂಶ ಬರಿ. ನಾಲ್ಕು ಪುಟ ದಾಟದು ಬೇಡ. ದಾಟಿದ್ರೆ ಯಾರೂ ಓದ್ತ್ವಿಲ್ಲೆ.”

ನಾನು ಹನ್ನೊಂದು ದಿನ ತೆಗೆದುಕೊಂಡೆ. ಮೊದಲ ಪುಟದಲ್ಲಿ ಖಾತರಿಗಳು: ಕಂಪನಿಯ ಲೆಕ್ಕಪತ್ರ ನಿಜವಾದದ್ದು, ಜಾಗ ಕಂಪನಿಯದೇ, ಲೈಸೆನ್ಸುಗಳು ಚಾಲ್ತಿಯಲ್ಲಿವೆ, ಕೋರ್ಟಿನಲ್ಲಿ ವ್ಯಾಜ್ಯ ಇಲ್ಲ, ತೆರಿಗೆ ಮತ್ತು ಕಾರ್ಮಿಕರ ಭವಿಷ್ಯನಿಧಿಯಂಥ ಸರಕಾರಿ ಬಾಕಿ ಯಾವುದೂ ಉಳಿದಿಲ್ಲ ಎಂದು ಮಾರುವವರು ಮಾತು ಕೊಡುತ್ತಾರೆ. ಎರಡನೆಯ ಪುಟದಲ್ಲಿ ಮುಕ್ತಾಯಕ್ಕೆ ಮೊದಲು ಪೂರೈಸಬೇಕಾದ ಷರತ್ತುಗಳು. ಸಾಲ ಕೊಟ್ಟ ಹಣಕಾಸು ಸಂಸ್ಥೆಯ ಲಿಖಿತ ಒಪ್ಪಿಗೆ ಬೇಕು. ಒಬ್ಬರು ಮಾರಿದರೆ ಉಳಿದ ಷೇರುದಾರರಿಗೆ ಮೊದಲು ಕೊಳ್ಳುವ ಹಕ್ಕಿತ್ತಲ್ಲ, ಅದನ್ನು ಏಳೂ ಜನ ಬರಹದಲ್ಲಿ ಬಿಟ್ಟುಕೊಡಬೇಕು. ಷೇರು ವರ್ಗಾವಣೆಗೆ ಡೈರೆಕ್ಟರರ ಠರಾವು ಆಗಬೇಕು. ತಾಂಡೇಲರು ಬ್ಯಾಂಕಿಗೆ ತಮ್ಮ ಮನೆಯ ಮೇಲೆ ಕೊಟ್ಟ ಸ್ವಂತ ಜಾಮೀನು ಬಿಡುಗಡೆಯಾಗಬೇಕು. ತೊಂಬತ್ತು ದಿನದೊಳಗೆ ಇವು ಆಗದಿದ್ದರೆ ಯಾವ ಪಕ್ಷದವರೂ ಕರಾರು ಬಿಟ್ಟು ಹೊರಡಬಹುದು.

ಇಲ್ಲಿ ಒಂದು ಅಪಾಯವನ್ನು ನಾನು ಮೊದಲೇ ಕಂಡೆ, ಕಂಡೆನೆಂದು ಹೆಮ್ಮೆಯೂ ಪಟ್ಟೆ. ನಮ್ಮ ಕಡೆ ಸಹಿ ಬಿದ್ದ ತಕ್ಷಣ ಜನ ‘ಆತು’ ಎಂದು ಎದ್ದುಬಿಡುತ್ತಾರೆ. ಕರಾರಿನ ಪ್ರಕಾರ ಸಹಿಯ ದಿನ ಏನೂ ಆಗುವುದಿಲ್ಲ. ಷರತ್ತೆಲ್ಲ ಪೂರೈಸಿ, ದುಡ್ಡು ಕೈಗೆ ಬಂದು, ಷೇರು ಬರೆದುಕೊಟ್ಟ ದಿನವೇ ಮುಕ್ತಾಯ; ಕ್ಲೇಮಿನ ಅವಧಿಯೆಲ್ಲ ಎಣಿಸುವುದು ಅಲ್ಲಿಂದ. ಹಾಗಾಗಿ ‘ಸಹಿ ಮಾಡಿದ ದಿನ ಅಲ್ಲ’ ಎಂದು ಬರೆದು ಎರಡು ಸಲ ಅಡಿಗೆರೆ ಎಳೆದೆ. ಕಾರ್ಬನ್ ಪ್ರತಿಯಲ್ಲಿ ಆ ಎರಡು ಗೆರೆ ಕಾಗದವನ್ನು ಹರಿಯುವಷ್ಟು ಗಟ್ಟಿಯಾಗಿವೆ.

ಮೂರನೆಯ ಪುಟದಲ್ಲಿ ನಷ್ಟ ತುಂಬಿಕೊಡುವ ವಿಷಯ. ಯಾವುದಾದರೂ ಖಾತರಿ ಸುಳ್ಳಾದರೆ ಏಳು ಜನ ತಮ್ಮ ತಮ್ಮ ಷೇರಿನ ಪ್ರಮಾಣದಲ್ಲಿ ನಷ್ಟ ತುಂಬಬೇಕು. ಒಬ್ಬರ ಪಾಲಿಗೆ ಇನ್ನೊಬ್ಬರು ಹೊಣೆ ಅಲ್ಲ. ಸಾಮಾನ್ಯ ಖಾತರಿಗಳಿಗೆ ಗರಿಷ್ಠ ಮಿತಿ ಬೆಲೆಯ ಕಾಲು ಭಾಗ, ಅವಧಿ ಮುಕ್ತಾಯದಿಂದ ಹದಿನೆಂಟು ತಿಂಗಳು. ಜಾಗದ ಹಕ್ಕು ಮತ್ತು ಸರಕಾರಿ ಬಾಕಿಗಳಿಗೆ ಮಿತಿ ಪೂರ್ತಿ ಬೆಲೆ, ಅವಧಿ ಮೂರು ವರ್ಷ. ಬೆಲೆಯ ಐದನೇ ಒಂದು ಭಾಗ ಆ ಮೂರು ವರ್ಷ ಬ್ಯಾಂಕಿನಲ್ಲಿ ಎರಡೂ ಪಕ್ಷದ ಹೆಸರಿನಲ್ಲಿ ಠೇವಣಿಯಾಗಿ ಇರುತ್ತದೆ. ಇದರ ಕೆಳಗೆ, ನಾನು ಮೊದಲು ಹೇಳಿದ ಸಾಲು.

ಮೂಲದಲ್ಲಿ ‘ತಿಳಿಸಿದ’ ಎಂಬುದರ ಜಾಗದಲ್ಲಿ ‘ಡಿಸ್‌ಕ್ಲೋಸ್ಡ್’ ಎಂಬ ಶಬ್ದ ಇತ್ತು. ಅದರ ಡಿ ದೊಡ್ಡಕ್ಷರದ ಡಿ. ವಾಕ್ಯದ ನಡುವೆ ಒಂದು ಶಬ್ದ ದೊಡ್ಡಕ್ಷರದಿಂದ ಶುರುವಾದರೆ ಅದಕ್ಕೆ ನಿಘಂಟಿನ ಅರ್ಥ ಅಲ್ಲ, ಕರಾರಿನ ಶುರುವಿನಲ್ಲಿ ಕೊಟ್ಟ ಅರ್ಥ ಎಂದು ಲೆಕ್ಕ. ಅಲ್ಲಿ ಕೊಟ್ಟ ಅರ್ಥ: ಸಹಿಯ ದಿನ ಮಾರುವವರು ಕೊಡುವ ಪಟ್ಟಿಯ ಪತ್ರದಲ್ಲಿ ಬರೆದು ತಿಳಿಸಿದ್ದು ಮಾತ್ರ. ಆ ಪುಟವನ್ನು ನಾನು ಓದಿದ್ದೆ, ಪೆನ್ಸಿಲ್ ಗುರುತು ಕೂಡ ಹಾಕಿದ್ದೆ. ಆದರೆ ನಾಲ್ಕು ಪುಟದಲ್ಲಿ ವ್ಯಾಖ್ಯೆಗಳಿಗೆಲ್ಲಿ ಜಾಗ ಎಂದು ಬಿಟ್ಟೆ. ಮೂರನೆಯ ಪುಟಕ್ಕೆ ಬರುವ ಹೊತ್ತಿಗೆ ಕೈ ತಾನಾಗಿ ‘ತಿಳಿಸಿದ’ ಎಂದು ಬರೆಯಿತು. ಕನ್ನಡದಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಎಂದಿಲ್ಲ.

ಸಾರಾಂಶವನ್ನು ಓದಿ ಹೇಳಿದ್ದು ಐಸ್ ಪ್ಲಾಂಟಿನ ಆಫೀಸು ಕೋಣೆಯಲ್ಲಿ. ಗೋಡೆಯ ಆಚೆ ಕಂಪ್ರೆಸರ್ ಗುಡುಗುಡು ಅನ್ನುತ್ತಿತ್ತು. ನಾನು ಕೂಗಿ ಓದಬೇಕಾಯಿತು. ಖಾತರಿಗಳ ಪಟ್ಟಿ ಮುಗಿಯುವ ಹೊತ್ತಿಗೆ ತಾಂಡೇಲರು ತಲೆ ಕೊಡವಿದರು.

“ಅಕ್ಕೋರೆ, ಇಷ್ಟು ಖಾತರಿ ನನ್ನ ಮದ್ವೇಲಿ ಹೆಣ್ಣಿನ ಅಪ್ಪನೂ ಕೇಳ್ಲಿಲ್ಲ.”

“ಕೇಳಿದ್ರೆ ನಿಂಗೆ ಹೆಣ್ಣು ಎಲ್ಲಿ ಸಿಕ್ತಿತ್ತು?” ಎಂದರು ಇನ್ನೊಬ್ಬ ಷೇರುದಾರರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಏಳನೆಯ ಷೇರುದಾರರು ತಾಂಡೇಲರ ಅಕ್ಕ. ಗಂಡ ಸಮುದ್ರದಲ್ಲಿ ತೀರಿಕೊಂಡ ಮೇಲೆ ಅವರ ಪಾಲು ಈಕೆಗೆ ಬಂದಿತ್ತು. ಭಟ್ಕಳದ ಪಕ್ಕ ಜಾಲಿಯಲ್ಲಿ ಮಗಳ ಮನೆಯಲ್ಲಿದ್ದರು. ಬಸ್ಸಿನಲ್ಲಿ ಅಲ್ಲಿಗೂ ಹೋಗಿ ಓದಿದೆ. ಅವರು ಎಲ್ಲವನ್ನೂ ಕೇಳಿ, “ಎಂತ ಹೇಳೂದಿದ್ರೂ ತಮ್ಮ ಹೇಳ್ತಾನೆ. ಅವ ಸುಳ್ಳು ಹೇಳೂನಲ್ಲ” ಎಂದು ಸಾರಾಂಶ ಕೇಳಿದ್ದಕ್ಕೆ ಹೆಬ್ಬೆಟ್ಟು ಒತ್ತಲು ಬೆರಳಿಗೆ ಮಸಿ ಹಚ್ಚಿಕೊಂಡರು.

ಪಟ್ಟಿಯ ಪತ್ರ ತಯಾರಿಸಿದವಳೂ ನಾನೇ. ಅದಕ್ಕಾಗಿ ಒಂದು ಮಧ್ಯಾಹ್ನ ತಾಂಡೇಲರನ್ನು ಎದುರಿಗೆ ಕೂಡಿಸಿಕೊಂಡೆ. ಹೊಳೆ ಬದಿಯ ಗಡಿಯ ಬಗ್ಗೆ ನೆರೆಯವರ ತಕರಾರು, ಮಾರಾಟ ತೆರಿಗೆಯ ಒಂದು ಹಳೆಯ ನೋಟೀಸು, ಸೋರುತ್ತಿದ್ದ ಉಪ್ಪುನೀರಿನ ಟ್ಯಾಂಕು, ಮೂರನ್ನೂ ಬರೆದುಕೊಂಡೆ. ಆಮೇಲೆ ಕೇಳಿದೆ: “ಇನ್ನು ತಿಳಿಸೂದು ಎಂತಾದ್ರೂ ಉಳೀತಾ?”

“ಇಲ್ಲ. ಉಳಿದದ್ದೆಲ್ಲಾ ತಿಳಿಸಿ ಆತು.”

ಯಾರಿಗೆ ಎಂದು ನಾನು ಕೇಳಲಿಲ್ಲ. ನನ್ನ ಪ್ರಶ್ನೆಯಲ್ಲಿ ಇದ್ದದ್ದು ನನ್ನ ಸಾರಾಂಶದ್ದೇ ಶಬ್ದ. ಅವರು ಉತ್ತರ ಕೊಟ್ಟದ್ದೂ ಅದೇ ಶಬ್ದಕ್ಕೆ.

ಆ ಮಧ್ಯಾಹ್ನಕ್ಕೂ ಎರಡು ವಾರ ಮೊದಲು ಮುಂಬಯಿಯ ಕಂಪನಿಯ ಮ್ಯಾನೇಜರು ಪ್ಲಾಂಟು ನೋಡಲು ಬಂದಿದ್ದರು. ಜೊತೆಗೆ ಅವರಿಗೆ ಈ ಕರಾವಳಿಯಲ್ಲಿ ಸಿಗಡಿ ಕೊಂಡುಕೊಡುತ್ತಿದ್ದ ಭಟ್ಕಳದ ವ್ಯಾಪಾರಿ ಇದ್ದರು. ಸಿಗಡಿ ಸುಲಿಯುವ ಶೆಡ್ಡಿನಲ್ಲಿ ನಲವತ್ತಕ್ಕೂ ಹೆಚ್ಚು ಹೆಂಗಸರು ಕೂತಿದ್ದರು. ಅವರಿಗೆ ಬಟವಾಡೆ ಮಾಡುವವನು ಗುತ್ತಿಗೆದಾರ. ಅಲ್ಲಿ ತಾಂಡೇಲರು ನಿಂತು, “ಇವ್ರು ಗುತ್ತಿಗೆ ಲೆಕ್ಕದವ್ರು, ಇವ್ರದ್ದು ಪಿ.ಎಫ್. ಯಾವತ್ತೂ ಕಟ್ಟಿಲ್ಲ, ಮುಂದೆ ತಕರಾರು ಬಂದ್ರೆ ನಾ ಹೇಳ್ಲಿಲ್ಲ ಅನ್ಬೇಡಿ” ಎಂದಿದ್ದರು. ವ್ಯಾಪಾರಿ ಅದನ್ನು ಹಿಂದಿಗೆ ತಿರುಗಿಸಿ ಹೇಳಿದ್ದರು. ಮ್ಯಾನೇಜರು ತಲೆ ಆಡಿಸಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ಬಹಳ ತಡವಾಗಿ.

ಮಳೆಗಾಲ ಮುಗಿದ ಮೇಲೆ ಸಹಿಯಾಯಿತು. ಕೊನೆಯ ಪುಟದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲಿತ್ತು: ಈ ಕರಾರನ್ನು ಮಾರುವವರಿಗೆ ಕನ್ನಡದಲ್ಲಿ ವಿವರಿಸಲಾಗಿದೆ, ಅವರು ಅರ್ಥ ಮಾಡಿಕೊಂಡಿದ್ದಾರೆ. ಅದರ ಕೆಳಗೆ ನನ್ನ ಸಹಿ. ಹಣಕಾಸು ಸಂಸ್ಥೆಯ ಒಪ್ಪಿಗೆ ಎಂಬತ್ತನೆಯ ದಿನ ಬಂತು. ಬ್ಯಾಂಕು ಜಾಮೀನು ಬಿಟ್ಟ ಕಾಗದ ಕೈಗೆ ಸಿಕ್ಕಾಗ ತಾಂಡೇಲರು ಅದನ್ನು ಎರಡು ಸಲ ಓದಿಸಿಕೊಂಡರು. ಮುಕ್ತಾಯದ ದಿನ ಎಲ್ಲರಿಗೂ ಅವರವರ ಚೆಕ್ಕು ಸಿಕ್ಕಿತು. ತಾಂಡೇಲರು ಎದ್ದು ನಿಂತು ನನ್ನ ಕಡೆ ನೋಡಿ, “ಈಗ ಆತು ಅನ್ಬಹುದಾ, ಅಕ್ಕೋರೆ?” ಎಂದರು. “ಈಗ ಅನ್ನಿ” ಎಂದೆ.

ಮುಕ್ತಾಯದಿಂದ ಇಪ್ಪತ್ತನೆಯ ತಿಂಗಳಲ್ಲಿ ಮುಂಬಯಿಯಿಂದ ರಿಜಿಸ್ಟರ್ ಪತ್ರ ಬಂತು. ಭವಿಷ್ಯನಿಧಿಯ ಇನ್‌ಸ್ಪೆಕ್ಟರು ಬಂದು ಶೆಡ್ಡಿನ ಹೆಂಗಸರ ಹಾಜರಿ ನೋಡಿದ್ದರು. ಗುತ್ತಿಗೆದಾರನ ಮೂಲಕ ಬಂದರೂ ಕೆಲಸ ಕಂಪನಿಯದೇ ಆದ್ದರಿಂದ ಅವರೂ ಕಂಪನಿಯ ಕಾರ್ಮಿಕರೇ ಎಂದು ತೀರ್ಮಾನವಾಗಿ, ಹಿಂದಿನ ವರ್ಷಗಳ ಬಾಕಿ ಮತ್ತು ದಂಡ ಕಟ್ಟಲು ಆದೇಶ ಆಗಿತ್ತು. ಅದನ್ನು ಮಾರಿದವರೇ ತುಂಬಬೇಕು, ಠೇವಣಿಯಿಂದ ಮುರಿದುಕೊಳ್ಳುತ್ತೇವೆ ಎಂದು ಪತ್ರ. ಅಷ್ಟೇ ಅಲ್ಲ, ತಾಂಡೇಲರು ಈ ವಿಷಯ ಗೊತ್ತಿದ್ದೂ ಮುಚ್ಚಿಟ್ಟಿದ್ದಾರೆ ಎಂದೂ ಇತ್ತು.

ಹೆಂಗಸರಿಗೆ ಸಿಗಬೇಕಾದದ್ದು ಸಿಕ್ಕಿತು. ಅದರಲ್ಲಿ ನನಗೆ ತಕರಾರಿಲ್ಲ. ತಾಂಡೇಲರಿಗೂ ಇರಲಿಲ್ಲ. “ಅದು ಅವ್ರ ದುಡ್ಡೇ ಹೌದು” ಎಂದರು. ಅವರು ಪತ್ರವನ್ನು ಹಿಡಿದು ಆಫೀಸಿಗೆ ಬಂದದ್ದು ಒಂದೇ ಶಬ್ದಕ್ಕಾಗಿ.

“ಮುಚ್ಚಿಟ್ಟ ಅಂದ್ರೆ ಎಂತ? ನಾ ನಾಲ್ಕು ಜನರ ಎದ್ರು ಹೇಳಿದ್ದು. ನೀವು ಬರ್ದದ್ದೇ ಇಲ್ಲಿದೆ, ನೋಡಿ.” ಅಂಗಿಯ ಕಿಸೆಯಿಂದ ಸಾರಾಂಶ ತೆಗೆದು, ಮೂರನೆಯ ಪುಟದ ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು. “ತಿಳಿಸಿದ ಸಂಗತಿಗಳ ಬಗ್ಗೆ... ನಾ ತಿಳಿಸಿದ್ದೆ.”

ಆ ಸಂಜೆ ನಾನು ಮೂಲ ಕರಾರನ್ನು ತೆಗೆದು ಒಂದೊಂದೇ ಬಾಗಿಲು ತಳ್ಳಿ ನೋಡಿದೆ. ಹದಿನೆಂಟು ತಿಂಗಳು ಕಳೆದಿದೆ. ಆದರೆ ಇದು ಸರಕಾರಿ ಬಾಕಿ, ಇದಕ್ಕೆ ಮೂರು ವರ್ಷ. ಕಾಲು ಭಾಗದ ಮಿತಿ ಇದೆ. ಇದಕ್ಕೆ ಪೂರ್ತಿ ಬೆಲೆಯ ಮಿತಿ, ಕೇಳಿದ ಮೊತ್ತ ಅದರೊಳಗೇ ಇದೆ. ಉಳಿದದ್ದು ತಿಳಿಸಿದ ಸಂಗತಿ. ಆಗ ಡಿ ಕಂಡಿತು. ಕರಾರಿನ ವ್ಯಾಖ್ಯೆಗಳಿದ್ದ ಎರಡನೆಯ ಪುಟಕ್ಕೆ ಹೋದೆ; ನನ್ನ ಪೆನ್ಸಿಲ್ ಗುರುತು ಅಲ್ಲೇ ಇತ್ತು. ಇನ್ನೂ ಮುಂದೆ ಹೋದರೆ ಒಂದು ಕಲಮು: ಕೊಳ್ಳುವವರಿಗೆ ಬೇರೆ ರೀತಿಯಲ್ಲಿ ವಿಷಯ ಗೊತ್ತಿದ್ದರೂ ಅದರಿಂದ ಅವರ ಕ್ಲೇಮಿಗೆ ಬಾಧೆ ಇಲ್ಲ. ಅದನ್ನು ನಾನು ಸಾರಾಂಶಕ್ಕೆ ತಂದೇ ಇರಲಿಲ್ಲ. ‘ತಿಳಿಸಿದ ಸಂಗತಿ’ಯ ಸಾಲಿನಲ್ಲೇ ಅದೂ ಬಂತು ಎಂದು ಎಣಿಸಿದ್ದೆ.

ಮರುದಿನ ಹಿರಿಯರಿಗೆ ಎಲ್ಲವನ್ನೂ ಹೇಳಿದೆ. ಅವರು ಸಾರಾಂಶದ ಮೊದಲ ಪುಟ ತಿರುಗಿಸಿ ತಲೆಬರಹದ ಕೆಳಗಿನ ಸಾಲು ತೋರಿಸಿದರು. ‘ಇದು ಕೇವಲ ಸಾರಾಂಶ. ಮೂಲ ಇಂಗ್ಲಿಷ್ ಕರಾರೇ ಅಧಿಕೃತ.’ ಅದನ್ನೂ ನಾನೇ ಬರೆದಿದ್ದೆ.

“ನಿಂಗೆ ಎಂತದೂ ಆಗ್ತಿಲ್ಲೆ, ತಂಗಿ. ಈ ಸಾಲು ಇದ್ದು.”

“ಅವರಿಗೆ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಅಷ್ಟರಲ್ಲಿ ಉಳಿದ ಷೇರುದಾರರಿಗೂ ಪತ್ರದ ಪ್ರತಿ ಹೋಗಿತ್ತು. ಎಲ್ಲರ ಠೇವಣಿಯ ಪಾಲೂ ಕರಗುವುದಿತ್ತು. ಮೀನು ಇಳಿಸುವ ಧಕ್ಕೆಯ ಮೇಲೆ ಯಾರೋ ತಾಂಡೇಲರಿಗೆ ಕೇಳುವ ಹಾಗೆ, “ಪ್ಲಾಂಟ್ ಮಾರೂಕೆ ಅವ್ಸರ ಇತ್ತಲ, ಬಾಯಿ ಮುಚ್ಕಂಡ್ರು” ಎಂದರಂತೆ. ಜಾಲಿಯಿಂದ ಅಕ್ಕ ಬಂದು ತಮ್ಮನ ಅಂಗಳದಲ್ಲಿ ನಿಂತು, “ನೀ ಹೇಳೇ ಇಲ್ಲ ಅಂತಾರಲ್ಲೋ” ಎಂದು ಕೇಳಿದ್ದನ್ನು ತಾಂಡೇಲರೇ ನನಗೆ ಹೇಳಿದರು. ಒಳಗೆ ಬರದೆ, ನೀರೂ ಕುಡಿಯದೆ ಹೋದರಂತೆ.

ಮಾತುಕತೆ ಕುಮಟೆಯ ಪ್ರವಾಸಿ ಬಂಗಲೆಯಲ್ಲಿ ನಡೆಯಿತು. ತಾಂಡೇಲರ ಜೊತೆ ಹಿರಿಯರೂ ನಾನೂ ಹೋದೆವು. ಮುಂಬಯಿಯ ಸಾಲಿಸಿಟರು ಬಂದಿದ್ದರು. ನನ್ನದೇ ವಯಸ್ಸಿನವರು, ಮೃದು ಮಾತು, ಕಾರವಾರದ ಕಡೆಯ ಕೊಂಕಣಿ ಮನೆತನ, ಕನ್ನಡ ಓದಲು ಬರುತ್ತಿತ್ತು. ತಾಂಡೇಲರು ಭಟ್ಕಳದ ವ್ಯಾಪಾರಿಯನ್ನು ಕರೆಸಿದ್ದರು. ಅವರು ಇನ್ನೂ ಅದೇ ಕಂಪನಿಗೆ ಸಿಗಡಿ ಕೊಡುತ್ತಿದ್ದವರು. ಬರಲಾರರು ಎಂದು ನಾನು ಎಣಿಸಿದ್ದೆ. ಬಂದರು. ಕೂರಲಿಲ್ಲ, ನಿಂತೇ ಹೇಳಿದರು.

“ಶೆಡ್ಡಲ್ಲಿ ತಾಂಡೇಲರು ಹೇಳಿದ್ದು ಖರೆ, ಸಾಹೇಬ್ರೆ. ನಾನೇ ಹಿಂದೀಲಿ ಮ್ಯಾನೇಜರಿಗೆ ಹೇಳ್ದೆ. ಅವ್ರು ಒಪ್ಲಿಕ್ಕಿಲ್ಲ, ಆದ್ರೆ ನನ್ಗೆ ಸುಳ್ಳು ಹೇಳ್ಲಿಕ್ಕೆ ಬರೂದಿಲ್ಲ.”

“ನಾನು ನಂಬುತ್ತೇನೆ” ಎಂದರು ಸಾಲಿಸಿಟರು. “ಮ್ಯಾನೇಜರೂ ಅಲ್ಲಗಳೆದಿಲ್ಲ.”

ತಾಂಡೇಲರ ಮುಖ ಅರಳಿತು. “ಮತ್ತೆಂತ? ಆತಲ್ಲ!”

ಸಾಲಿಸಿಟರು ನನ್ನ ಕಡೆ ನೋಡಿದರು. ವಿವರಿಸಬೇಕಾದವಳು ನಾನು. ಗೊತ್ತಿದ್ದರೂ ಕ್ಲೇಮಿಗೆ ಬಾಧೆ ಇಲ್ಲ ಎಂಬ ಕಲಮನ್ನು ಮೊದಲ ಬಾರಿಗೆ ತಾಂಡೇಲರಿಗೆ ಕನ್ನಡದಲ್ಲಿ ಹೇಳಿದೆ. ಡಿ ಅಕ್ಷರದ ವಿಷಯವನ್ನೂ ಹೇಳಿದೆ. ಪುಟವನ್ನು ಅವರ ಮುಂದಿಟ್ಟು ಅಕ್ಷರವನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು, ಬೆರಳಿನಿಂದ ಮುಟ್ಟಿಯೂ ನೋಡಿದರು.

“ಇದು ದೊಡ್ಡದು ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಆದ್ರೂ ಬರ್ದಿಲ್ಲ.”

“ಬರೀಲಿಲ್ಲ. ತಪ್ಪು ನನ್ನದು.”

ಹಿರಿಯರು ಕೆಮ್ಮಿದರು. ಸಾಲಿಸಿಟರು ನನ್ನ ಮಾತನ್ನು ಬರೆದುಕೊಳ್ಳಲಿಲ್ಲ. ಪೆನ್ನಿನ ಟೊಪ್ಪಿ ಹಾಕಿ ಮೇಜಿನ ಮೇಲಿಟ್ಟರು. ಅದು ಉಪಕಾರ ಎಂದು ನನಗೆ ತಿಳಿಯಿತು, ಆ ಉಪಕಾರ ತಾಂಡೇಲರಿಗೆ ಮಾಡಿದ್ದಲ್ಲ ಎಂದೂ ತಿಳಿಯಿತು.

ಕೊನೆಗೆ ರಾಜಿಯ ಕರಡು ಆಯಿತು. ದಂಡದ ಭಾಗವನ್ನು ಮುಂಬಯಿಯವರು ಹೊರುತ್ತಾರೆ, ಬಾಕಿಯನ್ನು ಠೇವಣಿಯಿಂದ ಮುರಿದು ಉಳಿದದ್ದನ್ನು ಬಿಡುಗಡೆ ಮಾಡುತ್ತಾರೆ. ಹಣದ ಬಗ್ಗೆ ತಾಂಡೇಲರು ಒಂದು ಮಾತೂ ಆಡಲಿಲ್ಲ. “ಮುಚ್ಚಿಟ್ಟ ಅನ್ನೂದು ತೆಗೀರಿ” ಎಂದಷ್ಟೇ ಹೇಳಿದರು. ಸಾಲಿಸಿಟರು ತಕ್ಷಣ ಒಪ್ಪಿದರು. ಅದರ ಜಾಗದಲ್ಲಿ, ಈ ಸಂಗತಿ ‘ಡಿಸ್‌ಕ್ಲೋಸ್ಡ್’ ಆಗಿರಲಿಲ್ಲ ಎಂದು ಮಾರಿದವರು ಒಪ್ಪುತ್ತಾರೆ ಎಂದು ಬರೆದರು. ಕಂಪನಿಯವರಿಗೆ ಅಷ್ಟಾದರೂ ಬೇಕು, ಇಲ್ಲದಿದ್ದರೆ ಕ್ಲೇಮಿಗೆ ಆಧಾರವೇ ಇರುವುದಿಲ್ಲ ಎಂದರು. ಅದು ನಿಜ. ಡಿ ದೊಡ್ಡದಾಗಿಯೇ ಇತ್ತು.

ಹಿರಿಯರು ನನ್ನ ಕಡೆ ಕಾಗದ ಸರಿಸಿದರು. ನಾನು ಕನ್ನಡದ ಪ್ರತಿ ಬರೆಯತೊಡಗಿದೆ. ಆ ಶಬ್ದದ ಹತ್ತಿರ ಬಂದು ನಿಲ್ಲಿಸಿದೆ. ‘ಪಟ್ಟಿಯ ಪತ್ರದಲ್ಲಿ ಬರೆದು ತಿಳಿಸಿರಲಿಲ್ಲ’ ಎಂದು ಈ ಸಲ ಪೂರ್ತಿಯಾಗಿ ಬರೆದೆ. ತಾಂಡೇಲರು ಹಾಳೆಯನ್ನು ತೆಗೆದುಕೊಂಡು ಬೆರಳಿಟ್ಟು ಓದಿದರು. ಕೊನೆಯ ಶಬ್ದದ ಮೇಲೆ ಬೆರಳು ನಿಂತಿತು.

“ತಿಳಿಸಿರಲಿಲ್ಲ.”

“ಅದರ ಹಿಂದೆ ‘ಪತ್ರದಲ್ಲಿ’ ಅಂತ ಇದೆ, ತಾಂಡೇಲರೆ. ಬರೆದು ತಿಳಿಸಲಿಲ್ಲ ಅಂತ ಅರ್ಥ, ಅಷ್ಟೇ.”

“ನಿಮಗೆ ಅಷ್ಟೇ. ಜಾಲಿಯಲ್ಲಿ ಇದನ್ನ ಓದ್ದವ್ರು ಹಿಂದಿನ ಶಬ್ದ ನೋಡೂದಿಲ್ಲ. ತಿಳಿಸಿರಲಿಲ್ಲ ಅಂತ ತಮ್ಮನೇ ರುಜು ಹಾಕ್ದ ಅಂತಾರೆ.”

ಭಟ್ಕಳದ ವ್ಯಾಪಾರಿ ಕಿಟಕಿಯ ಕಡೆ ತಿರುಗಿ ನಿಂತರು. ತಾಂಡೇಲರು ಹಾಳೆಯನ್ನು ನಿಧಾನವಾಗಿ ನಾಲ್ಕಾಗಿ ಮಡಚಿ ನನಗೆ ವಾಪಸು ಕೊಟ್ಟರು.

“ಇಂಗ್ಲಿಷಲ್ಲಿ ಎಂತ ಬೇಕಾದ್ರೂ ಬರ್ಕಳ್ಳಿ, ಅಕ್ಕೋರೆ. ನಾ ರುಜು ಹಾಕ್ತೆ. ಕನ್ನಡದಲ್ಲಿ ಬರೀಬೇಡಿ.”

ಅವರು ಇಂಗ್ಲಿಷ್ ಪ್ರತಿಗೆ ಸಹಿ ಹಾಕಿದರು. ಓದಿಸಿಕೊಳ್ಳಲಿಲ್ಲ. ಉಳಿದವರ ಸಹಿ ಮುಂದಿನ ವಾರ ಆಯಿತು. ಅವರು ಯಾರೂ ಕನ್ನಡದ ಪ್ರತಿ ಕೇಳಲಿಲ್ಲ. ಅಕ್ಕ ತಮ್ಮನ ಜೊತೆ ಮಾತು ಬಿಟ್ಟದ್ದು ಎಷ್ಟು ಕಾಲ ನಡೆಯಿತೋ ನನಗೆ ಗೊತ್ತಿಲ್ಲ. ಅದನ್ನು ಕೇಳುವ ಸಲಿಗೆ ಆಮೇಲೆ ಉಳಿಯಲಿಲ್ಲ. ತಾಂಡೇಲರು ನಮ್ಮ ಆಫೀಸಿಗೆ ಮತ್ತೆ ಬರಲಿಲ್ಲ. ಪೇಟೆಯಲ್ಲಿ ಎದುರಾದರೆ ಮೊದಲಿನಂತೆಯೇ ಕೈ ಮುಗಿಯುತ್ತಿದ್ದರು, ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ.

ರಾಜಿ ಪತ್ರದ ಕೊನೆಯಲ್ಲೂ ಆ ರೂಢಿಯ ಸಾಲು ಇತ್ತು: ಇದನ್ನು ಕನ್ನಡದಲ್ಲಿ ವಿವರಿಸಲಾಗಿದೆ, ಅವರು ಅರ್ಥ ಮಾಡಿಕೊಂಡಿದ್ದಾರೆ. ಅವತ್ತು ಬಂಗಲೆಯಲ್ಲಿ ಹಿರಿಯರು ನನಗೆ ಪೆನ್ನು ಕೊಟ್ಟರು. ತಾಂಡೇಲರು ಆಗಲೇ ಮೆಟ್ಟಿಲು ಇಳಿದು ಬಸ್ ಸ್ಟ್ಯಾಂಡಿನ ಕಡೆ ನಡೆದಿದ್ದರು. ನಾನು ಆ ಸಾಲನ್ನು ಪೂರ್ತಿ ಓದಿದೆ, ಸಹಿ ಹಾಕಿದೆ.